ಒಂದೇ ಚಿತ್ರ, ಎರಡು ಪ್ರಶ್ನೆ: ಸ್ಪರ್ಶಕಗಳ ಸಾಧನೆಯಲ್ಲೂ ರಚನೆಯಲ್ಲೂ ಹಂತದ ಅಂಕಗಳು ಎಲ್ಲಿರುತ್ತವೆ

ಪ್ರೌಢಶಾಲೆಯ ರೇಖಾಗಣಿತದಲ್ಲಿ ಒಂದು ಚಿತ್ರ ಎರಡು ಬೇರೆ ಬೇರೆ ಪ್ರಶ್ನೆಗಳಾಗಿ ಬರುತ್ತದೆ. O ಕೇಂದ್ರವಾಗಿರುವ ಒಂದು ವೃತ್ತ, ಅದರ ಹೊರಗೆ P ಎಂಬ ಬಿಂದು, P ಯಿಂದ ವೃತ್ತವನ್ನು A ಮತ್ತು B ಗಳಲ್ಲಿ ಮುಟ್ಟುವ ಎರಡು ಸ್ಪರ್ಶಕಗಳು, ಇಷ್ಟೇ ಆ ಚಿತ್ರ. ‘ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದವು ಸಮನಾಗಿರುತ್ತದೆ ಎಂದು ಸಾಧಿಸಿ’ ಎಂಬುದು ಒಂದು ಪ್ರಶ್ನೆ. ‘3 ಸೆಂ.ಮೀ. ತ್ರಿಜ್ಯದ ವೃತ್ತಕ್ಕೆ, ಕೇಂದ್ರದಿಂದ 7 ಸೆಂ.ಮೀ. ದೂರದ ಬಿಂದುವಿನಿಂದ ಒಂದು ಜೊತೆ ಸ್ಪರ್ಶಕಗಳನ್ನು ರಚಿಸಿ, ಅವುಗಳ ಉದ್ದವನ್ನು ಅಳೆದು ಬರೆಯಿರಿ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸ್ಪರ್ಶಕ ದತ್ತವಾಗಿ ಸಿಗುತ್ತದೆ. ಎರಡನೆಯದರಲ್ಲಿ ಸ್ಪರ್ಶಕವನ್ನೇ ನಾವು ದೊರಕಿಸಿಕೊಳ್ಳಬೇಕು. ಈ ವ್ಯತ್ಯಾಸ ಮನಸ್ಸಿನಲ್ಲಿ ಸ್ಪಷ್ಟವಾದರೆ ಅರ್ಧ ಅಂಕಗಳು ಎಲ್ಲೆಲ್ಲಿ ಹಂಚಿಹೋಗಿವೆ, ಏಕೆ ಅಲ್ಲೇ ಇವೆ ಎಂಬುದೂ ತಾನಾಗಿ ತಿಳಿಯುತ್ತದೆ.

ರಚನೆಯ ಪ್ರಶ್ನೆ ಈಗ ಎಲ್ಲ ಪಠ್ಯಕ್ರಮಗಳಲ್ಲೂ ಒಂದೇ ರೀತಿಯಲ್ಲಿ ಉಳಿದಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸಿದಾಗ ಹತ್ತನೆಯ ತರಗತಿಯ ಗಣಿತದಿಂದ ರಚನೆಗಳ ಅಧ್ಯಾಯವನ್ನು ಕೈಬಿಟ್ಟಿತು. ಐಸಿಎಸ್‌ಇ ಓದುವವರಿಗೂ ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳ ವಿದ್ಯಾರ್ಥಿಗಳಿಗೂ ಸ್ಪರ್ಶಕಗಳ ರಚನೆ ಪಠ್ಯದ ಭಾಗವಾಗಿದೆ. ಕರ್ನಾಟಕದ ಎಸ್ಸೆಸ್ಸೆಲ್ಸಿಯ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಂತೂ ಅದು ಮತ್ತೆ ಮತ್ತೆ ಕಾಣಿಸುತ್ತದೆ. ಪರೀಕ್ಷೆಗೆ ಬರಲಿ, ಬರದಿರಲಿ, ಪ್ರಮೇಯವನ್ನು ಅರ್ಥ ಮಾಡಿಕೊಳ್ಳಲು ಅದರ ಜೊತೆಗಿರುವ ರಚನೆಯಷ್ಟು ನೆರವಾಗುವುದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸಾಧನೆಯ ಪ್ರಶ್ನೆಯನ್ನು ನೋಡೋಣ. ಮೂರು ಅಂಕಗಳಿಗೆ ಕೇಳಿದಾಗ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ, ಸಾಧನೆಗೆ ಒಂದು ಎಂಬಂತಹ ಹಂಚಿಕೆ ರೂಢಿಯಲ್ಲಿದೆ. ಪತ್ರಿಕೆಯಿಂದ ಪತ್ರಿಕೆಗೆ ಇದು ಸ್ವಲ್ಪ ಬದಲಾಗಬಹುದಾದರೂ ಕ್ರಮ ಬದಲಾಗುವುದಿಲ್ಲ. ಸಾಧನೆಗೆ ಒಂದೇ ಅಂಕ, ಅದಕ್ಕೆ ಮುಂಚಿನ ನಾಲ್ಕು ಸಾಲುಗಳಿಗೆ ಎರಡು ಅಂಕ ಎಂದಾಗ, ಇದು ಕೇವಲ ಬರವಣಿಗೆಯ ಶಿಸ್ತಿಗೆ ಕೊಟ್ಟ ಬಹುಮಾನ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಪ್ರಮೇಯದ ಹೇಳಿಕೆಯಲ್ಲಿ A, B, P, O ಯಾವುದೂ ಇಲ್ಲ. ಅದು ಎಲ್ಲ ವೃತ್ತಗಳಿಗೂ ಎಲ್ಲ ಬಾಹ್ಯ ಬಿಂದುಗಳಿಗೂ ಅನ್ವಯಿಸುವ ಮಾತು. ಅದನ್ನು ಹೆಸರಿಟ್ಟ ಬಿಂದುಗಳ ಮಾತಾಗಿ ಬದಲಾಯಿಸಿ, ‘O ಕೇಂದ್ರವಿರುವ ವೃತ್ತಕ್ಕೆ P ಬಾಹ್ಯ ಬಿಂದು; PA ಮತ್ತು PB ಸ್ಪರ್ಶಕಗಳು’ ಎಂದು ದತ್ತವನ್ನೂ, ‘PA = PB’ ಎಂದು ಸಾಧನೀಯವನ್ನೂ ಬೇರ್ಪಡಿಸಿ ಬರೆಯುವಾಗಲೇ, ಯಾವುದನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂಬ ಗಡಿ ಏರ್ಪಡುತ್ತದೆ. ಮುಂದೆ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಗಡಿಯನ್ನು ದಾಟಿದ್ದರಿಂದ ಆಗುವಂತಹವು.

ರಚನೆ ಎಂಬ ಸಾಲಿನಲ್ಲಿ ಬರೆಯಬೇಕಾದದ್ದು ‘OA, OB ಮತ್ತು OP ಗಳನ್ನು ಸೇರಿಸಿದೆ’ ಎಂದು ಮಾತ್ರ. ಕೆಲವು ಉತ್ತರಪತ್ರಿಕೆಗಳಲ್ಲಿ ಇದೇ ಸಾಲಿನಲ್ಲಿ ‘OA ⊥ PA ಆಗುವಂತೆ ಎಳೆದೆ’ ಎಂದಿರುತ್ತದೆ. ಇದು ಚಿಕ್ಕ ವ್ಯತ್ಯಾಸವೆಂದು ಕಂಡರೂ ತರ್ಕದಲ್ಲಿ ದೊಡ್ಡದು. O ಮತ್ತು A ಎರಡೂ ಈಗಾಗಲೇ ನಿಗದಿಯಾಗಿರುವ ಬಿಂದುಗಳು. ಅವುಗಳನ್ನು ಸೇರಿಸುವ ಸ್ವಾತಂತ್ರ್ಯ ನಮಗಿದೆಯೇ ಹೊರತು, ಸೇರಿಸಿದ ರೇಖೆ PA ಗೆ ಲಂಬವಾಗಿರಲಿ ಎಂದು ನಿರ್ಧರಿಸುವ ಸ್ವಾತಂತ್ರ್ಯ ನಮಗಿಲ್ಲ. ಅದು ಲಂಬವಾಗಿರುವುದು ಇನ್ನೊಂದು ಪ್ರಮೇಯದ ಫಲ: ಸ್ಪರ್ಶ ಬಿಂದುವಿನಲ್ಲಿ ಎಳೆದ ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾಗಿರುತ್ತದೆ. ಆದ್ದರಿಂದ ಲಂಬದ ಮಾತು ಸಾಧನೆಯೊಳಗೆ, ಕಾರಣದ ಸಮೇತ ಬರಬೇಕು.

ಸಾಧನೆಯ ಮುಖ್ಯ ಸಾಲುಗಳು ಹೀಗಿರುತ್ತವೆ.

ΔOAP ಮತ್ತು ΔOBP ಗಳಲ್ಲಿ,
∠OAP = ∠OBP = 90° (ಸ್ಪರ್ಶ ಬಿಂದುವಿನಲ್ಲಿ ತ್ರಿಜ್ಯವು ಸ್ಪರ್ಶಕಕ್ಕೆ ಲಂಬ)
ವಿಕರ್ಣ OP = ವಿಕರ್ಣ OP (ಉಭಯ ಸಾಮಾನ್ಯ)
OA = OB (ಒಂದೇ ವೃತ್ತದ ತ್ರಿಜ್ಯಗಳು)
∴ ΔOAP ≅ ΔOBP (ಲಂಬಕೋನ-ವಿಕರ್ಣ-ಬಾಹು)
∴ PA = PB (ಸರ್ವಸಮ ತ್ರಿಭುಜಗಳ ಅನುರೂಪ ಬಾಹುಗಳು)

ಆವರಣದೊಳಗಿನ ಕಾರಣಗಳನ್ನು ಅಳಿಸಿಬಿಟ್ಟರೆ ಉಳಿಯುವುದು ಐದು ಹೇಳಿಕೆಗಳು ಮಾತ್ರ. ಅವು ನಿಜವೇ ಆಗಿದ್ದರೂ ಒಂದು ಇನ್ನೊಂದರಿಂದ ಹೇಗೆ ಹುಟ್ಟಿತು ಎಂಬುದು ಅಲ್ಲಿ ಇರುವುದಿಲ್ಲ. ಸಾಧನೆಗೆ ಮೀಸಲಾದ ಅಂಕದಲ್ಲಿ ಕಾರಣಗಳಿಗೂ ಪಾಲಿರುವುದು ಇದಕ್ಕಾಗಿ.

ಇಲ್ಲಿ ಎರಡು ತಪ್ಪುಗಳು ಹೆಚ್ಚಾಗಿ ಕಾಣುತ್ತವೆ. ಮೊದಲನೆಯದು, ∠OAP = ∠OBP ಎಂದು ಬರೆಯುವ ಬದಲು ∠OPA = ∠OPB ಎಂದು ಬರೆದು, ಅದಕ್ಕೆ ‘OP ಯು ಕೋನಾರ್ಧಕ’ ಎಂಬ ಕಾರಣ ಕೊಡುವುದು. OP ಯು ∠APB ಯನ್ನು ಅರ್ಧಿಸುತ್ತದೆ ಎಂಬುದು ಸತ್ಯ. ಆದರೆ ಅದು ನಮಗೆ ಗೊತ್ತಾಗುವುದು ಈ ಎರಡು ತ್ರಿಭುಜಗಳು ಸರ್ವಸಮ ಎಂದು ತೋರಿಸಿದ ಮೇಲೆ. ತೋರಿಸಬೇಕಾದದ್ದರ ಫಲವನ್ನೇ ತೋರಿಸಲು ಬಳಸಿಕೊಂಡರೆ ವಾದ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಚಿತ್ರದಲ್ಲಿ ಎರಡು ಕೋನಗಳು ಸಮನಾಗಿ ಕಾಣುತ್ತವೆ ಎಂಬುದೇ ಈ ತಪ್ಪಿಗೆ ದಾರಿ ಮಾಡಿಕೊಡುತ್ತದೆ.

ಎರಡನೆಯ ತಪ್ಪು ಸಾಲುಗಳೆಲ್ಲ ಸರಿಯಾಗಿದ್ದು ಕೊನೆಯಲ್ಲಿ ‘ಬಾಹು-ಕೋನ-ಬಾಹು’ ಎಂದು ಬರೆಯುವುದು. ಆ ನಿಯಮಕ್ಕೆ ಕೋನವು ಎರಡು ಬಾಹುಗಳ ನಡುವೆ ಇರಬೇಕು. ನಮ್ಮ ಬಾಹುಗಳು OA ಮತ್ತು OP. ಅವುಗಳ ನಡುವಿನ ಕೋನ O ದಲ್ಲಿದೆ, ಲಂಬಕೋನ ಇರುವುದು A ಯಲ್ಲಿ. ಕೋನ ಎಲ್ಲಿದ್ದರೇನು ಎಂದು ಕೇಳುವವರು ಒಮ್ಮೆ ಕಾಗದದ ಮೇಲೆ ಪ್ರಯತ್ನಿಸಿ ನೋಡಬಹುದು. 30° ಯ ಒಂದು ಕೋನ ಎಳೆದು, ಅದರ ಒಂದು ಭುಜದ ಮೇಲೆ ಶೃಂಗದಿಂದ 5 ಸೆಂ.ಮೀ. ದೂರದಲ್ಲಿ ಒಂದು ಬಿಂದುವನ್ನು ಗುರುತಿಸಿ, ಅಲ್ಲಿಂದ 3 ಸೆಂ.ಮೀ. ತ್ರಿಜ್ಯದ ಕಂಸ ಎಳೆದರೆ ಅದು ಇನ್ನೊಂದು ಭುಜವನ್ನು ಎರಡು ಕಡೆ ಕತ್ತರಿಸುತ್ತದೆ. ಎರಡು ಬಾಹುಗಳೂ ಕೋನವೂ ಅವೇ ಆಗಿದ್ದು ಎರಡು ಬೇರೆ ತ್ರಿಭುಜಗಳು ದೊರೆಯುತ್ತವೆ. ಕೋನ 90° ಆದಾಗ ಈ ಗೊಂದಲ ಮಾಯವಾಗುತ್ತದೆ, ಏಕೆಂದರೆ ವಿಕರ್ಣ ಮತ್ತು ಒಂದು ಬಾಹು ಗೊತ್ತಾದರೆ ಪೈಥಾಗೊರಸ್ ಪ್ರಮೇಯದಂತೆ ಮೂರನೆಯ ಬಾಹು ಒಂದೇ ಒಂದು ಬೆಲೆಯನ್ನು ಪಡೆಯಬಲ್ಲದು. ಲಂಬಕೋನ-ವಿಕರ್ಣ-ಬಾಹು ಎಂಬ ಪ್ರತ್ಯೇಕ ನಿಯಮ ಇರುವುದಕ್ಕೆ ಇದೇ ಆಧಾರ. ಅಷ್ಟೇ ಏಕೆ, PA² = OP² − OA² = OP² − OB² = PB² ಎಂದು ನೇರವಾಗಿ ಬರೆದರೂ, ಲಂಬಕೋನದ ಕಾರಣವನ್ನು ಕೊಟ್ಟಿದ್ದರೆ, ಅದು ಪೂರ್ಣ ಅಂಕಕ್ಕೆ ಅರ್ಹವಾದ ಸಾಧನೆ.

ಬರೆದ ಸಾಧನೆ ಪೂರ್ಣವಾಗಿದೆಯೇ ಎಂದು ಪರೀಕ್ಷಿಸಲು ನಂಬಿಕೆಯ ದಾರಿ ಒಂದಿದೆ: ದತ್ತದ ಪ್ರತಿಯೊಂದು ಮಾತೂ ಎಲ್ಲಿ ಬಳಕೆಯಾಯಿತು ಎಂದು ಹುಡುಕುವುದು. ಮೇಲಿನ ಸಾಧನೆಯಲ್ಲಿ PA, PB ಗಳು ಸ್ಪರ್ಶಕಗಳು ಎಂಬ ದತ್ತ ಬಳಕೆಯಾದದ್ದು ಮೊದಲ ಸಾಲಿನ ಲಂಬಕೋನದಲ್ಲಿ; ಆ ಸಾಲಿನ ಕಾರಣ ಬಿಟ್ಟುಹೋದರೆ ಉಳಿದ ಸಾಧನೆಗೆ ಸ್ಪರ್ಶಕದ ಪರಿಚಯವೇ ಇರುವುದಿಲ್ಲ. ಥೇಲ್ಸನ ಪ್ರಮೇಯದಲ್ಲಿ ಈ ಪರೀಕ್ಷೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ΔABC ಯಲ್ಲಿ DE ∥ BC ಎಂಬುದು ದತ್ತ, AD/DB = AE/EC ಎಂಬುದು ಸಾಧನೀಯ. D ಯಿಂದ AC ಗೆ, E ಯಿಂದ AB ಗೆ ಲಂಬಗಳನ್ನು ಎಳೆದು, ΔADE ಮತ್ತು ΔBDE ಗಳ ವಿಸ್ತೀರ್ಣಗಳ ಅನುಪಾತ AD/DB ಎಂದೂ, ΔADE ಮತ್ತು ΔDEC ಗಳ ವಿಸ್ತೀರ್ಣಗಳ ಅನುಪಾತ AE/EC ಎಂದೂ ವಿದ್ಯಾರ್ಥಿಗಳು ಚೊಕ್ಕವಾಗಿ ಬರೆಯುತ್ತಾರೆ, ಬಳಿಕ ಒಮ್ಮೆಲೇ ‘ಆದ್ದರಿಂದ ಎರಡೂ ಸಮ’ ಎಂದು ಮುಗಿಸುತ್ತಾರೆ. ಇಷ್ಟರವರೆಗೆ ಬರೆದದ್ದೆಲ್ಲ DE ಯು BC ಗೆ ಸಮಾಂತರವಾಗಿರದಿದ್ದರೂ ನಿಜವೇ. ಸಮಾಂತರವೆಂಬ ದತ್ತ ಕೆಲಸಕ್ಕೆ ಬರುವುದು ಬಿಟ್ಟುಹೋದ ಆ ಒಂದೇ ಸಾಲಿನಲ್ಲಿ: ΔBDE ಮತ್ತು ΔDEC ಗಳು DE ಎಂಬ ಒಂದೇ ಪಾದದ ಮೇಲೆ, DE ಮತ್ತು BC ಎಂಬ ಸಮಾಂತರ ರೇಖೆಗಳ ನಡುವೆ ಇವೆ, ಆದ್ದರಿಂದ ಅವುಗಳ ವಿಸ್ತೀರ್ಣ ಸಮ. ಉದ್ದದ ಲೆಕ್ಕಾಚಾರವೆಲ್ಲ ಸರಿಯಿದ್ದೂ ಅಂಕ ಕಡಿಮೆಯಾಯಿತೇಕೆ ಎಂದು ಕೇಳುವವರು ಬಹುಪಾಲು ಈ ಸಾಲನ್ನು ಬಿಟ್ಟಿರುತ್ತಾರೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಸಾಧನೆಯ ಜೀವಾಳವೇ ಆ ಸಾಲು.

ಇನ್ನು ಅದೇ ವೃತ್ತದ ರಚನೆಗೆ ಬರೋಣ. O ಕೇಂದ್ರವಾಗಿ 3 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, OP = 7 ಸೆಂ.ಮೀ. ಆಗುವಂತೆ P ಯನ್ನು ಗುರುತಿಸಬೇಕು. OP ಯ ಲಂಬಾರ್ಧಕವನ್ನು ಕೈವಾರದಿಂದ ರಚಿಸಿ ಮಧ್ಯಬಿಂದು M ಅನ್ನು ಪಡೆಯಬೇಕು. M ಕೇಂದ್ರವಾಗಿ, MO ತ್ರಿಜ್ಯವಾಗಿ ಇನ್ನೊಂದು ವೃತ್ತ ಎಳೆದರೆ ಅದು ಮೊದಲ ವೃತ್ತವನ್ನು A ಮತ್ತು B ಗಳಲ್ಲಿ ಕತ್ತರಿಸುತ್ತದೆ. PA ಮತ್ತು PB ಗಳನ್ನು ಸೇರಿಸಿದರೆ ಅವೇ ಬೇಕಾದ ಸ್ಪರ್ಶಕಗಳು. ಮೂರು ಅಂಕಗಳ ಪ್ರಶ್ನೆಯಾದರೆ ವೃತ್ತ ಮತ್ತು P ಗೆ ಅರ್ಧ, ಲಂಬಾರ್ಧಕಕ್ಕೆ ಅರ್ಧ, M ಕೇಂದ್ರವಾದ ವೃತ್ತಕ್ಕೆ ಅರ್ಧ, ಎರಡು ಸ್ಪರ್ಶಕಗಳಿಗೆ ಒಂದು, ಅಳತೆಗೆ ಅರ್ಧ ಎಂದು ಅಂಕ ಹಂಚುವುದು ಸಹಜವಾದ ಕ್ರಮ. ಉದ್ದವನ್ನು ಅಳೆದಾಗ ಸುಮಾರು 6.3 ಸೆಂ.ಮೀ. ಬರಬೇಕು, ಏಕೆಂದರೆ 7² − 3² = 40, ಅದರ ವರ್ಗಮೂಲ 6.32.

ಹೀಗಿರುವಾಗ ಅಳತೆಪಟ್ಟಿಯನ್ನು P ಯಲ್ಲಿಟ್ಟು, ವೃತ್ತವನ್ನು ಮುಟ್ಟುವಂತೆ ತಿರುಗಿಸಿ, ಕಣ್ಣಳತೆಯಲ್ಲೇ ಗೆರೆ ಎಳೆದರೆ ಆಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಾಗೆ ಎಳೆದ ಗೆರೆಯನ್ನು ಅಳೆದರೂ 6.3ರ ಆಸುಪಾಸೇ ಬರಬಹುದು, ಚಿತ್ರವೂ ಅಚ್ಚುಕಟ್ಟಾಗಿ ಕಾಣಬಹುದು. ಆದರೂ ಅಂಕ ದೊರೆಯದು. ಇದರ ಹಿಂದೆ ಒಂದು ಗಟ್ಟಿಯಾದ ಕಾರಣವಿದೆ. ಸ್ಪರ್ಶ ಬಿಂದುವಿನಿಂದ 3 ಮಿ.ಮೀ. ಆಚೆಗೆ ಸರಿದರೂ 3 ಸೆಂ.ಮೀ. ತ್ರಿಜ್ಯದ ವೃತ್ತಕ್ಕೂ ಅದರ ಸ್ಪರ್ಶಕಕ್ಕೂ ಇರುವ ಅಂತರ ಕೇವಲ 0.15 ಮಿ.ಮೀ. ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪವಾಗಿರುತ್ತದೆ. ಹಾಗಾಗಿ ಗೆರೆಯೂ ವೃತ್ತವೂ ಹಲವು ಮಿಲಿಮೀಟರುಗಳ ಉದ್ದಕ್ಕೆ ಒಂದಾಗಿ ಕಾಣುತ್ತವೆ, ಮುಟ್ಟಿದ್ದು ಯಾವ ಬಿಂದುವಿನಲ್ಲಿ ಎಂದು ಎಷ್ಟೇ ಚುರುಕಾದ ಕಣ್ಣೂ ಹೇಳಲಾರದು. ರಚನೆ ಮಾಡುವ ಕೆಲಸವೆಂದರೆ A ಯನ್ನು ಸ್ಪರ್ಶಕಕ್ಕಿಂತ ಮೊದಲೇ, ಎರಡು ವೃತ್ತಗಳು ಪರಸ್ಪರ ಕತ್ತರಿಸುವ ಸ್ಪಷ್ಟ ಬಿಂದುವಾಗಿ ಪಡೆಯುವುದು. ಕಂಸಗಳನ್ನೂ ಎರಡನೆಯ ವೃತ್ತವನ್ನೂ ಅಳಿಸದೆ ಉಳಿಸಿಕೊಳ್ಳಬೇಕೆಂದು ಶಿಕ್ಷಕರು ಒತ್ತಿ ಹೇಳುವುದು ಇದಕ್ಕಾಗಿಯೇ. A ಎಲ್ಲಿಂದ ಬಂತು ಎಂಬುದಕ್ಕೆ ಉತ್ತರಪತ್ರಿಕೆಯಲ್ಲಿ ಇರುವ ಸಾಕ್ಷಿ ಅವು ಮಾತ್ರ.

A ಯಲ್ಲಿ ಎಳೆದದ್ದು ನಿಜವಾಗಿಯೂ ಸ್ಪರ್ಶಕವೇ ಎಂದು ಸಮರ್ಥಿಸಲು ಕೇಳಿದರೆ, ಇಲ್ಲಿ ತರ್ಕದ ದಿಕ್ಕು ತಿರುಗುತ್ತದೆ. OP ಯು M ಕೇಂದ್ರವಾದ ವೃತ್ತದ ವ್ಯಾಸ, A ಆ ವೃತ್ತದ ಮೇಲಿದೆ, ಆದ್ದರಿಂದ ಅರ್ಧವೃತ್ತದಲ್ಲಿನ ಕೋನವಾದ ∠OAP = 90°. OA ಮೊದಲ ವೃತ್ತದ ತ್ರಿಜ್ಯ. ತ್ರಿಜ್ಯದ ತುದಿಯಲ್ಲಿ ಅದಕ್ಕೆ ಲಂಬವಾಗಿರುವ ರೇಖೆ ವೃತ್ತಕ್ಕೆ ಸ್ಪರ್ಶಕವಾಗಿರುತ್ತದೆ, ಆದ್ದರಿಂದ PA ಸ್ಪರ್ಶಕ. ಸಾಧನೆಯ ಪ್ರಶ್ನೆಯಲ್ಲಿ ನಾವು ‘ಸ್ಪರ್ಶಕ, ಆದ್ದರಿಂದ ಲಂಬ’ ಎಂದಿದ್ದೆವು. ಇಲ್ಲಿ ‘ಲಂಬ, ಆದ್ದರಿಂದ ಸ್ಪರ್ಶಕ’ ಎನ್ನುತ್ತಿದ್ದೇವೆ. ಇವೆರಡು ಒಂದಕ್ಕೊಂದು ವಿಲೋಮವಾದ ಹೇಳಿಕೆಗಳು, ಎರಡೂ ಸತ್ಯ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವಂತಿಲ್ಲ. ರಚನೆಯ ಸಮರ್ಥನೆಯಲ್ಲಿ ‘PA ಸ್ಪರ್ಶಕವಾದ್ದರಿಂದ ∠OAP = 90°’ ಎಂದು ಆರಂಭಿಸಿದವರು, ಸಾಧಿಸಬೇಕಾದದ್ದನ್ನೇ ದತ್ತವೆಂದು ಹಿಡಿದಿರುತ್ತಾರೆ. ಪ್ರಮೇಯವನ್ನು ಬಾಯಿಪಾಠ ಮಾಡಿಕೊಂಡ ವಿದ್ಯಾರ್ಥಿ ಎಡವುವುದು ಇಂಥಲ್ಲಿ.

ಕೈಕೆಲಸದ ತಪ್ಪುಗಳಲ್ಲಿ ಮುಖ್ಯವಾದದ್ದು M ನ ಸ್ಥಾನ. ಲಂಬಾರ್ಧಕಕ್ಕೆ ಕಂಸ ಎಳೆಯುವಾಗ ತ್ರಿಜ್ಯ OP ಯ ಅರ್ಧಕ್ಕಿಂತ ಹೆಚ್ಚಿರಬೇಕು ಎಂದು ಎಲ್ಲರಿಗೂ ಗೊತ್ತು, ಎಷ್ಟು ಹೆಚ್ಚಿದ್ದರೆ ಒಳ್ಳೆಯದು ಎಂಬುದನ್ನು ಹೇಳುವವರು ಕಡಿಮೆ. 3.6 ಸೆಂ.ಮೀ. ತೆಗೆದುಕೊಂಡರೆ ಕಂಸಗಳು ಸುಮಾರು 27° ಯಷ್ಟು ಕಿರಿದಾದ ಕೋನದಲ್ಲಿ ಒಂದನ್ನೊಂದು ಸವರಿಕೊಂಡು ಹೋಗುತ್ತವೆ, ಛೇದಿಸಿದ ಬಿಂದು ಯಾವುದೆಂದು ನಿಖರವಾಗಿ ತಿಳಿಯುವುದಿಲ್ಲ. ಅಂತಹ ಎರಡು ಬಿಂದುಗಳ ನಡುವೆ ಇರುವ ಅಂತರವೂ ಎರಡು ಸೆಂಟಿಮೀಟರಿಗಿಂತ ಕಡಿಮೆ. 5 ಸೆಂ.ಮೀ. ತೆಗೆದುಕೊಂಡರೆ ಕಂಸಗಳು ಹೆಚ್ಚುಕಡಿಮೆ ಲಂಬವಾಗಿ ಕತ್ತರಿಸುತ್ತವೆ, ಬಿಂದುಗಳ ನಡುವೆ 7 ಸೆಂ.ಮೀ. ಅಂತರವಿರುತ್ತದೆ, ಅವುಗಳನ್ನು ಸೇರಿಸಿದ ಗೆರೆ ಅಲುಗಾಡುವುದಿಲ್ಲ.

M ಒಂದು ಮಿಲಿಮೀಟರು ತಪ್ಪಿ, O ದಿಂದ 3.5ರ ಬದಲು 3.4 ಸೆಂ.ಮೀ. ದೂರದಲ್ಲಿ ಬಿದ್ದಿದೆ ಎಂದುಕೊಳ್ಳೋಣ. ಆಗ ದೊರೆಯುವ A ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಆದರೆ PA ಯ ಉದ್ದ 6.28 ಸೆಂ.ಮೀ. ಆಗುತ್ತದೆ, ಅಳತೆಪಟ್ಟಿಯಲ್ಲಿ ಅದು 6.3 ಎಂದೇ ಓದಿಸಿಕೊಳ್ಳುತ್ತದೆ. ∠OAP ಯಲ್ಲಿ ಬರುವ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ, ಕೋನಮಾಪಕವೂ ಅದನ್ನು ಹಿಡಿಯದು. ಹಾಗಾದರೆ ತಪ್ಪು ಗೊತ್ತಾಗುವುದು ಹೇಗೆ? ಎರಡನೆಯ ವೃತ್ತವನ್ನು ನೋಡಬೇಕು. M ನಲ್ಲಿ ಕೈವಾರದ ಮೊನೆಯಿಟ್ಟು O ದ ಮೂಲಕ ಎಳೆದ ವೃತ್ತ P ಯ ಮೂಲಕವೂ ಹಾದುಹೋಗಬೇಕು. M ಒಂದು ಮಿಲಿಮೀಟರು ತಪ್ಪಿದ್ದರೆ ಆ ವೃತ್ತ P ಗೆ ಪೂರ್ತಿ 2 ಮಿ.ಮೀ. ಮೊದಲೇ OP ಯನ್ನು ದಾಟಿಬಿಡುತ್ತದೆ, ಇದು ಬರಿಗಣ್ಣಿಗೆ ಕಾಣುತ್ತದೆ. ಅಂತಿಮ ಅಳತೆ ಮುಚ್ಚಿಡುವ ದೋಷವನ್ನು ನಡುವಿನ ಹಂತ ಎರಡು ಪಟ್ಟು ಮಾಡಿ ತೋರಿಸುತ್ತದೆ. ಕೊನೆಯ ಉತ್ತರಕ್ಕೆ ಅರ್ಧ ಅಂಕ, ನಡುವಿನ ಹಂತಗಳಿಗೆ ಅದಕ್ಕಿಂತ ಹೆಚ್ಚು ಎಂಬ ಹಂಚಿಕೆ ಸರಿಯೆಂದು ನಾನು ಒಪ್ಪುವುದು ಇಂತಹ ಸಂದರ್ಭಗಳನ್ನು ನೋಡಿಯೇ.

ಇದೇ ಚಿತ್ರದ ಮೂರನೆಯ ರೂಪ, ದೂರದ ಬದಲು ಕೋನವನ್ನು ಕೊಡುವ ಪ್ರಶ್ನೆ: ‘3 ಸೆಂ.ಮೀ. ತ್ರಿಜ್ಯದ ವೃತ್ತಕ್ಕೆ, ನಡುವಿನ ಕೋನ 70° ಇರುವಂತೆ ಒಂದು ಜೊತೆ ಸ್ಪರ್ಶಕಗಳನ್ನು ರಚಿಸಿ.’ ಇಲ್ಲಿ P ಎಲ್ಲಿದೆ ಎಂದು ಗೊತ್ತಿಲ್ಲ, ಆದ್ದರಿಂದ ಕೇಂದ್ರದಿಂದಲೇ ಹೊರಡಬೇಕು. ಚತುರ್ಭುಜ OAPB ಯಲ್ಲಿ A ಮತ್ತು B ಗಳಲ್ಲಿ ಲಂಬಕೋನಗಳಿರುವುದರಿಂದ ಉಳಿದ ಎರಡು ಕೋನಗಳ ಮೊತ್ತ 180°; ಹಾಗಾಗಿ ತ್ರಿಜ್ಯಗಳ ನಡುವಿನ ಕೋನ 180° − 70° = 110°. ಈ ಕಳೆಯುವ ಸಾಲಿಗೆ ತನ್ನದೇ ಅರ್ಧ ಅಂಕವಿರುತ್ತದೆ. ಅದನ್ನು ಬರೆಯದೆ ಮನಸ್ಸಿನಲ್ಲೇ ಮಾಡಿಕೊಂಡವರು ಅದನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ. ಅವಸರದಲ್ಲಿ ಕೇಂದ್ರದಲ್ಲಿಯೇ 70° ಎಳೆದವರಿಗೆ ಸ್ಪರ್ಶಕಗಳು 110° ಯಲ್ಲಿ ಸೇರುತ್ತವೆ, ಮತ್ತು ಇದನ್ನು ಕೋನಮಾಪಕವಿಲ್ಲದೆಯೂ ಗುರುತಿಸಬಹುದು: ಸರಿಯಾದ ಚಿತ್ರದಲ್ಲಿ P ಯು O ದಿಂದ ಸುಮಾರು 5.2 ಸೆಂ.ಮೀ. ದೂರದಲ್ಲಿದ್ದರೆ, ತಪ್ಪು ಚಿತ್ರದಲ್ಲಿ ಅದು 3.7 ಸೆಂ.ಮೀ. ದೂರಕ್ಕೆ ಬಂದು ವೃತ್ತದ ಅಂಚಿಗೆ ಅಂಟಿಕೊಂಡಂತೆ ಕಾಣುತ್ತದೆ. ಕೊಟ್ಟ ಕೋನ ಲಘುಕೋನ, ಚಿತ್ರದಲ್ಲಿ ಕಾಣುತ್ತಿರುವುದು ವಿಶಾಲಕೋನ ಎಂದಾದರೆ ಅಲ್ಲೇ ನಿಂತು ತಿದ್ದಿಕೊಳ್ಳಬೇಕು.

ಬಾಹ್ಯ ಬಿಂದುವಿನಿಂದ ಸ್ಪರ್ಶಕ ಎಳೆಯಲು ಇರುವುದು ಮಧ್ಯಬಿಂದುವಿನ ದಾರಿಯೊಂದೇ ಅಲ್ಲ. ಯೂಕ್ಲಿಡ್ ತನ್ನ ಮೂರನೆಯ ಪುಸ್ತಕದ 17ನೆಯ ಪ್ರತಿಜ್ಞೆಯಲ್ಲಿ ಬೇರೆ ದಾರಿ ಹಿಡಿದಿದ್ದಾನೆ. ಅದೇ ಕೇಂದ್ರ O ದಿಂದ P ಯ ಮೂಲಕ ಹಾದುಹೋಗುವ ದೊಡ್ಡ ವೃತ್ತ ಎಳೆದು, OP ಯು ಚಿಕ್ಕ ವೃತ್ತವನ್ನು ಕತ್ತರಿಸುವ D ಎಂಬ ಬಿಂದುವಿನಲ್ಲಿ OP ಗೆ ಲಂಬ ಎಳೆಯಬೇಕು. ಆ ಲಂಬವು ದೊಡ್ಡ ವೃತ್ತವನ್ನು F ನಲ್ಲಿ ಸಂಧಿಸಿದರೆ, OF ಚಿಕ್ಕ ವೃತ್ತವನ್ನು ಕತ್ತರಿಸುವ ಬಿಂದುವೇ ಸ್ಪರ್ಶ ಬಿಂದು A. ಇದರ ಸಮರ್ಥನೆಯಲ್ಲಿ OA = OD, OP = OF, ಅವುಗಳ ನಡುವಿನ ಕೋನ O ಎರಡೂ ತ್ರಿಭುಜಗಳಿಗೆ ಸಾಮಾನ್ಯ; ಆದ್ದರಿಂದ ΔOAP ≅ ΔODF, ಮತ್ತು D ಯಲ್ಲಿರುವ ಲಂಬಕೋನ A ಗೆ ಸಲ್ಲುತ್ತದೆ. ಮೊದಲ ಪ್ರಶ್ನೆಯಲ್ಲಿ ಬಳಸಬಾರದಿದ್ದ ಬಾಹು-ಕೋನ-ಬಾಹು ನಿಯಮ ಇಲ್ಲಿ ಸರಿಯಾಗಿ ಕೂರುತ್ತದೆ, ಏಕೆಂದರೆ ಈ ಬಾರಿ ಕೋನ ಎರಡು ಬಾಹುಗಳ ನಡುವೆಯೇ ಇದೆ. ಮಾದರಿ ಉತ್ತರದಲ್ಲಿ ಇಲ್ಲದ ಸರಿಯಾದ ವಿಧಾನಕ್ಕೂ ಪೂರ್ಣ ಅಂಕ ಕೊಡಬೇಕೆಂಬ ಸೂಚನೆ ಮೌಲ್ಯಮಾಪಕರಿಗೆ ಇರುತ್ತದೆ. ಈ ದಾರಿಯಲ್ಲಿ ಹೋಗುವವರು ದೊಡ್ಡ ವೃತ್ತ, D ಯ ಲಂಬ ಮತ್ತು OF ರೇಖೆ ಈ ಮೂರನ್ನೂ ಅಳಿಸದೆ, ಹೆಸರಿಟ್ಟು ಉಳಿಸಿರಬೇಕು.